40 ಪೈಸೆ ಲೆಕ್ಕದಲ್ಲಿ ದೊಡ್ಡ ನಾಣ್ಯ ಹೇಗೆ ದಾರಿ ತಪ್ಪಿಸುತ್ತದೆ?

ಚಿಲ್ಲರೆ ಕೊಡುವಾಗ ಅತಿ ದೊಡ್ಡ ನಾಣ್ಯದಿಂದ ಶುರು ಮಾಡಿ ಇಳಿಯುತ್ತಾ ಬಂದರೆ ಕಡಿಮೆ ನಾಣ್ಯದಲ್ಲಿ ಲೆಕ್ಕ ಮುಗಿಯುತ್ತದೆ, ಪ್ರೋಗ್ರಾಂಗೂ ಅಷ್ಟೇ ಸಾಕು ಅಂತ ಬರೆದಿದ್ದೆಯಲ್ಲ, ಅದಕ್ಕೆ ಈ ಉತ್ತರ. ಇದನ್ನು ಗ್ರೀಡಿ ವಿಧಾನ ಅನ್ನುತ್ತಾರೆ. ಈಗಿನ 1, 2, 5, 10, 20 ರೂಪಾಯಿ ನಾಣ್ಯಗಳಿಗೆ ಅದು ಸರಿಯಾಗಿ ನಡೆಯುತ್ತದೆ. ಎಲ್ಲ ನಾಣ್ಯಗಳಿಗೂ ನಡೆಯುವುದಿಲ್ಲ.

ಉದಾಹರಣೆ ನಮ್ಮ ಹಳೆಯ ಚಿಲ್ಲರೆಯಲ್ಲೇ ಇದೆ. 1968ರಲ್ಲಿ 20 ಪೈಸೆ ನಾಣ್ಯ ಬಂತು, 25 ಪೈಸೆಯೂ ಆಗ ಚಲಾವಣೆಯಲ್ಲಿತ್ತು. ಈಗ 5, 10, 20, 25 ಪೈಸೆ ಮಾತ್ರ ಇಟ್ಟುಕೊಂಡು 40 ಪೈಸೆ ಕೊಡು.

ಮೊದಲು ಗ್ರೀಡಿ. ದೊಡ್ಡದು 25, ಅದನ್ನು ತೆಗೆ. ಉಳಿದದ್ದು 15. ಅದಕ್ಕೆ 20 ಆಗುವುದಿಲ್ಲ, 10 ತೆಗೆ. ಇನ್ನು 5. ಒಟ್ಟು ಮೂರು ನಾಣ್ಯ. ಆದರೆ 20 ಪೈಸೆಯ ಎರಡು ಕೊಟ್ಟಿದ್ದರೆ ಎರಡರಲ್ಲೇ ಮುಗಿಯುತ್ತಿತ್ತು, ಅಲ್ವಾ?

ತಪ್ಪಾದದ್ದು ಮೊದಲ ಹೆಜ್ಜೆಯಲ್ಲೇ. 25 ತೆಗೆದ ಕೂಡಲೇ ಉಳಿಯುವುದು 15, ಅದಕ್ಕೆ ಎರಡು ನಾಣ್ಯ ಬೇಕೇ ಬೇಕು. 20 ತೆಗೆದಿದ್ದರೆ ಉಳಿದದ್ದು ಒಂದೇ ನಾಣ್ಯದ ಮೊತ್ತ. ಗ್ರೀಡಿ ಉಳಿಯುವುದನ್ನು ನೋಡುವುದಿಲ್ಲ, ಒಮ್ಮೆ ತೆಗೆದ ನಾಣ್ಯವನ್ನು ವಾಪಸ್ ಇಡುವುದೂ ಇಲ್ಲ. ಪೆಟ್ಟಿಗೆಯಲ್ಲಿ 5 ಪೈಸೆ ಖಾಲಿಯಾಗಿದ್ದರೆ ಇನ್ನೂ ಕಷ್ಟ: 30 ಪೈಸೆ ಕೇಳಿದರೆ 25 ತೆಗೆದು ಅಲ್ಲೇ ಸಿಕ್ಕಿಕೊಳ್ಳುತ್ತದೆ, 20 ಮತ್ತು 10 ಕೈಯಲ್ಲೇ ಇದ್ದರೂ.

ಸರಿಯಾದ ದಾರಿ: ಚಿಕ್ಕ ಮೊತ್ತದಿಂದ ಶುರು ಮಾಡಿ ಪ್ರತಿಯೊಂದಕ್ಕೂ ಕನಿಷ್ಠ ಎಷ್ಟು ನಾಣ್ಯ ಬೇಕೆಂದು ಬರೆದಿಟ್ಟುಕೊಂಡು ಹೋಗುವುದು. 5, 10, 20, 25ಕ್ಕೆ ಒಂದೊಂದು. 15, 30, 35ಕ್ಕೆ ಎರಡೆರಡು. 40ಕ್ಕೆ ಬಂದಾಗ ಕೊನೆಯ ನಾಣ್ಯ ಯಾವುದಿರಬಹುದು ಅಂತ ಒಂದೊಂದಾಗಿ ನೋಡು. ಅದು 25 ಆದರೆ 15ರ ಎರಡಕ್ಕೆ ಒಂದು ಸೇರಿ ಮೂರು. 10 ಆದರೂ, 5 ಆದರೂ ಮೂರೇ. 20 ಆದರೆ 20ರ ಒಂದಕ್ಕೆ ಇನ್ನೊಂದು ಸೇರಿ ಎರಡು. ಇವುಗಳಲ್ಲಿ ಚಿಕ್ಕದನ್ನು ಬರೆದುಕೋ.

```python
coins = [5, 10, 20, 25]
INF = 10**9
best = [0] + [INF] * 40
for x in range(1, 41):
    for c in coins:
        if c <= x:
            best[x] = min(best[x], best[x - c] + 1)
print(best[40])
```

ಇದು 2 ಅಂತ ತೋರಿಸುತ್ತದೆ. ಮೊತ್ತ ದೊಡ್ಡದಾದಷ್ಟೂ ಪಟ್ಟಿ ಉದ್ದವಾಗುತ್ತದೆ, ಗ್ರೀಡಿಗೆ ಆ ಖರ್ಚಿಲ್ಲ. ಹಾಗಾಗಿ ನಿನ್ನ ನಾಣ್ಯಗಳಿಗೆ ಗ್ರೀಡಿ ಸಾಲುತ್ತದೆಯೇ ಅಂತ ಮೊದಲೇ ಪರೀಕ್ಷಿಸಿಬಿಡು. ಎರಡೂ ವಿಧಾನ ಓಡಿಸಿ, ಉತ್ತರಗಳು ಬೇರೆಯಾಗುತ್ತವೆಯೇ ನೋಡು. ಎಲ್ಲಿವರೆಗೆ ನೋಡಬೇಕು ಅನ್ನುವುದಕ್ಕೆ ಕೋಜೆನ್ ಮತ್ತು ಜಾಕ್ಸ್ ಎಂಬ ಸಂಶೋಧಕರು 1994ರಲ್ಲಿ ಮಿತಿ ಕೊಟ್ಟಿದ್ದಾರೆ: 1ರ ನಾಣ್ಯ ಇದ್ದರೆ, ಗ್ರೀಡಿ ತಪ್ಪುವುದಾದರೆ ಅತಿ ದೊಡ್ಡ ಎರಡು ನಾಣ್ಯಗಳ ಮೊತ್ತದೊಳಗೇ ಎಲ್ಲೋ ಒಂದು ಕಡೆ ತಪ್ಪುತ್ತದೆ. ನಮ್ಮ ಲೆಕ್ಕವನ್ನು ಐದರಿಂದ ಭಾಗಿಸಿದರೆ ನಾಣ್ಯಗಳು 1, 2, 4, 5. ಅಂದರೆ 9ಕ್ಕಿಂತ ಕಡಿಮೆ ಇರುವ ಮೊತ್ತಗಳನ್ನು ನೋಡಿದರೆ ಸಾಕು, 8ರಲ್ಲೇ ಅದು ಸಿಕ್ಕಿಬೀಳುತ್ತದೆ.