ಕಿಟ್ಟು ಅಳಿಲಿನ ಕರಟದ ಪಾಟಿ: ಮಲಗುವ ಹೊತ್ತಿನ ಒಂದು ಕಥೆ ಫಲ ಕೊಟ್ಟ ಬಗೆ

ಮಲಗುವ ಹೊತ್ತಿನಲ್ಲಿ ಹೇಳಿದ ಒಂದು ಅಳಿಲಿನ ಕಥೆಯ ಬಲದಿಂದ ನನ್ನ ಮಗ ಹಗಲಿನ ಡೈಪರ್ ಬಿಟ್ಟ. ಆಗ ಅವನಿಗೆ ಎರಡೂವರೆ ವರ್ಷ ದಾಟಿತ್ತು. ನಮ್ಮ ಅತ್ತೆಯವರು ತಮ್ಮ ಮಕ್ಕಳನ್ನೆಲ್ಲ ವರ್ಷ ತುಂಬುವುದರೊಳಗೆ, ಕಾಲು ಚಾಚಿ ಪಾದಗಳ ಮೇಲೆ ಕೂರಿಸಿಕೊಂಡು ಬಾಯಲ್ಲಿ ‘ಸ್ಸ್’ ಎಂದು ಸದ್ದು ಮಾಡುತ್ತಾ ರೂಢಿ ಮಾಡಿಸಿದವರು. “ಕಥೆ ಕಿವಿಗೆ ಹೋಗತ್ತೆ ಕಣಮ್ಮ, ಹೊಟ್ಟೆಗೆ ಹೋಗತ್ತಾ?” ಎಂದು ಅವರು ಕೇಳಿದ್ದರು. ನಮ್ಮ ಅಪಾರ್ಟ್‌ಮೆಂಟಿನ ಗೆಳತಿಯರಿಗೂ ನಂಬಿಕೆ ಇರಲಿಲ್ಲ. ಈಗ ಅವರಲ್ಲಿ ಕೆಲವರು ಅದೇ ಕಥೆಯನ್ನು ಬರೆದುಕೊಂಡು ಹೋಗುತ್ತಿರುವುದರಿಂದ, ಅದು ಹೇಗೆ ರೂಪುಗೊಂಡಿತು ಎಂಬುದನ್ನು ಹೇಳುತ್ತೇನೆ. ಮಗುವನ್ನು ಶೌಚಕ್ಕೆ ಕೂರಿಸುವ ಪಾಟಿಯನ್ನು ಯಾವಾಗ ತರಬೇಕು, ಎಷ್ಟು ಚಡ್ಡಿ ಬೇಕಾಗುತ್ತದೆ ಎಂಬುದೆಲ್ಲ ನಿಮಗೆ ಗೊತ್ತಿರುವ ವಿಷಯ.

ಕಥೆ ಶುರು ಮಾಡುವ ಮೊದಲು ನಾನು ಎರಡು ಲಕ್ಷಣಗಳಿಗಾಗಿ ಕಾದೆ. ಡೈಪರ್ ಸುಮಾರು ಎರಡು ಗಂಟೆ ಒಣಗಿರಬೇಕು, ಮತ್ತು ಮಗುವಿಗೆ ಕಕ್ಕ ಬರುವ ಮುನ್ನವೇ ಅದರ ಅರಿವಾಗುತ್ತಿರಬೇಕು. ನನ್ನ ಮಗ ಹಾಲ್‌ನ ಪರದೆಯ ಹಿಂದೆ ಹೋಗಿ ನಿಂತು ಮುಖ ಕೆಂಪು ಮಾಡಿಕೊಳ್ಳಲು ತೊಡಗಿದಾಗ, ಒಳಗಿನ ಒತ್ತಡ ಅವನಿಗೆ ಮೊದಲೇ ತಿಳಿಯುತ್ತಿದೆ ಎಂಬುದು ಖಚಿತವಾಯಿತು. ಇದು ಬಾರದ ಮಗುವಿಗೆ ಎಂಥ ಅಳಿಲಿನ ಕಥೆ ಹೇಳಿದರೂ ಅದು ಬರಿಯ ಅಳಿಲಿನ ಕಥೆಯಾಗಿಯೇ ಉಳಿಯುತ್ತದೆ.

ಕಥೆಯ ಮೊದಲ ರೂಪದಲ್ಲಿ ಕಿಟ್ಟು ಗೂಡಿನಲ್ಲೇ ಸುಸ್ಸು ಮಾಡುತ್ತಿತ್ತು, ತಾಯಿ ಅಳಿಲು ಬೇಸರ ಮಾಡಿಕೊಳ್ಳುತ್ತಿತ್ತು, ಕೊನೆಗೆ ಕಿಟ್ಟು ‘ಜಾಣ’ನಾಗುತ್ತಿತ್ತು. ದೊಡ್ಡವರ ಕಿವಿಗೆ ಇದು ಸರಿಯಾದ ಕಥೆಯೇ. ಆದರೆ ಅದನ್ನು ಕೇಳಿದ ಮೇಲೆ ಮಗ ಪರದೆಯ ಹಿಂದಿನಿಂದ ಮಂಚದ ಕೆಳಗೆ ಜಾಗ ಬದಲಿಸಿದ. ತಾಯಿ ಅಳಿಲಿನ ಬೇಸರ ಅವನಿಗೆ ಗದರಿಕೆಯಾಗಿ ಕೇಳಿಸಿತ್ತು. ಎರಡನೆಯ ರೂಪದಲ್ಲಿ ಕಿಟ್ಟು ಪಾಟಿಯ ಮೇಲೆ ಕುಳಿತಾಗಲೆಲ್ಲ ಒಂದು ಕಡಲೆಕಾಯಿ ಸಿಗುತ್ತಿತ್ತು. ಆ ವಾರ ಮಗ ದಿನವಿಡೀ ಪಾಟಿಗೆ ಓಡಿ, ಎರಡು ಹನಿ ಹಾಕಿ, ಕೈ ಚಾಚತೊಡಗಿದ. ಬಹುಮಾನ ನಿಂತ ದಿನವೇ ಓಟವೂ ನಿಂತಿತು.

ಹೆಚ್ಚು ಕಷ್ಟ ಕೊಟ್ಟದ್ದು ಮೂರನೆಯದು. ಅದರಲ್ಲಿ ಕಿಟ್ಟುವಿನ ಕಕ್ಕ ಹೊಳೆಯಲ್ಲಿ ತೇಲಿ ಎಲ್ಲಿಗೋ ಹೋಗಿಬಿಡುತ್ತಿತ್ತು. ಈ ವಯಸ್ಸಿನ ಮಗುವಿಗೆ ಅದು ತನ್ನ ಮೈಯ ಒಂದು ಭಾಗವೆಂದೇ ಅನ್ನಿಸಬಹುದು. ಅದು ಕಾಣದಂತೆ ಮಾಯವಾಗುತ್ತದೆ ಎಂದರೆ ಹೆದರಿಕೆ ಆಗುವುದು ಸಹಜ. ಮಗ ಕಕ್ಕವನ್ನು ತಡೆಹಿಡಿಯತೊಡಗಿದ. ಕಾಲುಗಳನ್ನು ಒತ್ತಿಕೊಂಡು ತುದಿಬೆರಳ ಮೇಲೆ ನಿಲ್ಲುವುದು, ಮೈ ಬಿಗಿ ಮಾಡುವುದು, ಎರಡು ಮೂರು ದಿನಕ್ಕೊಮ್ಮೆ ಗಟ್ಟಿಯಾಗಿ ಹೋಗಿ ಅಳುವುದು ಕಂಡರೆ ಅದು ಹಟವಲ್ಲ, ತಡೆಹಿಡಿಯುವುದೇ ಎಂದು ತಿಳಿಯಬೇಕು. ಒಮ್ಮೆ ನೋವಾದರೆ ಮಗು ಇನ್ನಷ್ಟು ತಡೆಯುತ್ತದೆ, ತಡೆದಷ್ಟೂ ಗಟ್ಟಿಯಾಗುತ್ತದೆ. ಮಕ್ಕಳ ವೈದ್ಯರು ಮೊದಲು ಹೊಟ್ಟೆ ಮೃದುವಾಗಲಿ, ಪಾಟಿಯ ಮಾತು ಆಮೇಲೆ ಎಂದರು. ಅವರು ಬರೆದುಕೊಟ್ಟ ಔಷಧಿ, ಪಪ್ಪಾಯಿ, ಸಾಕಷ್ಟು ನೀರು ಇವುಗಳ ಜೊತೆಗೆ ಹತ್ತಿರ ಹತ್ತಿರ ಒಂದು ತಿಂಗಳು ಕಥೆಗೂ ಪಾಟಿಗೂ ರಜೆ ಕೊಟ್ಟೆವು.

ಆ ಬಿಡುವಿನಲ್ಲಿ ಕಥೆಯನ್ನು ಬುಡದಿಂದ ಕಟ್ಟಿದೆ. ಗದರಿಕೆ, ಬಹುಮಾನ, ಮಾಯವಾಗುವುದು ಮೂರನ್ನೂ ತೆಗೆದೆ. ಅವುಗಳ ಜಾಗದಲ್ಲಿ ಬಾಲವನ್ನು ತಂದೆ. ಒದ್ದೆಯಾದ ಬಾಲ ಭಾರವಾಗಿ ಜೋತುಬೀಳುತ್ತದೆ, ಒಣಗಿದ ಬಾಲ ಪೊದೆಯಂತೆ ಅರಳುತ್ತದೆ; ಒಣಗಿರುವ ಹಿತವನ್ನು ಮಗು ಯಾರೂ ಹೇಳಿಕೊಡದೆ ತಾನೇ ಬಯಸಬೇಕು. ಪಾಟಿಯಾಗಿ ತೆಂಗಿನ ಕರಟವನ್ನು ಇಟ್ಟೆ, ಏಕೆಂದರೆ ಅವನು ಅಡುಗೆಮನೆಯಲ್ಲಿ ಅದನ್ನು ದಿನವೂ ನೋಡುತ್ತಿದ್ದ. ಎಲ್ಲಕ್ಕಿಂತ ಮುಖ್ಯವಾಗಿ, ಕಿಟ್ಟು ಕುಳಿತರೂ ಏನೂ ಬಾರದೆ ಎದ್ದುಹೋಗುವ ಭಾಗವನ್ನು ಸೇರಿಸಿದೆ. ಈ ಕಥೆ ಫಲ ಕೊಟ್ಟದ್ದೇ ಆ ಭಾಗದಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪಾಟಿಯ ಮೇಲೆ ಸುಮ್ಮನೆ ಕುಳಿತು ಎದ್ದರೂ ಯಾರೂ ಏನೂ ಅನ್ನುವುದಿಲ್ಲ ಎಂಬುದು ತಿಳಿದ ಮಗು ಮಾತ್ರ ಮತ್ತೊಮ್ಮೆ ಕುಳಿತುಕೊಳ್ಳುತ್ತದೆ. ಕಥೆ ಹೀಗಿದೆ:

“ಒಂದು ಸೀಬೆ ಮರದಲ್ಲಿ ಒಂದು ಗೂಡು ಇತ್ತು. ಗೂಡಿನಲ್ಲಿ ಪುಟ್ಟ ಕಿಟ್ಟು ಅಳಿಲು ಇತ್ತು. ಕಿಟ್ಟುವಿನ ಬೆನ್ನ ಮೇಲೆ ಗೆರೆಗಳು: ಒಂದು, ಎರಡು, ಮೂರು. ಬೆಳಗಾಯಿತು. ಕಿಟ್ಟು ಸೀಬೆಹಣ್ಣು ತಿಂದಿತು, ನೀರು ಕುಡಿಯಿತು. ಹೊಟ್ಟೆ ಗುಡುಗುಡು ಅಂದಿತು. ಬಾಲ ಒದ್ದೆಯಾಯಿತು. ಅಮ್ಮ ಬಾಲ ಒರೆಸಿ, ‘ಬಾ, ಕರಟ ನೋಡೋಣ’ ಅಂದಳು.

ಮರದ ಬುಡದಲ್ಲಿ ಒಂದು ಕರಟ ಇತ್ತು. ಕಿಟ್ಟು ಕರಟದ ಮೇಲೆ ಕೂತಿತು. ಎರಡೂ ಕಾಲು ನೆಲಕ್ಕೆ ಊರಿತು. ಏನೂ ಬರಲಿಲ್ಲ. ಕಿಟ್ಟು ಎದ್ದು ಆಡಲು ಹೋಯಿತು. ಮತ್ತೆ ಹಣ್ಣು ತಿಂದಿತು. ಮತ್ತೆ ಕರಟದ ಮೇಲೆ ಕೂತಿತು. ಎರಡೂ ಕಾಲು ನೆಲಕ್ಕೆ ಊರಿತು. ಏನೂ ಬರಲಿಲ್ಲ. ಕಿಟ್ಟು ಎದ್ದು ಆಡಲು ಹೋಯಿತು.

ಮತ್ತೆ ಬೆಳಗಾಯಿತು. ಕಿಟ್ಟು ಹಣ್ಣು ತಿಂದಿತು. ಹೊಟ್ಟೆ ಗುಡುಗುಡು ಅಂದಿತು. ‘ಅಮ್ಮಾ, ಕರಟ!’ ಅಂದಿತು. ಕರಟದ ಮೇಲೆ ಕೂತಿತು. ಎರಡೂ ಕಾಲು ನೆಲಕ್ಕೆ ಊರಿತು. ಸುಸ್ಸು ಬಂತು, ಕಕ್ಕವೂ ಬಂತು. ಅಮ್ಮ ತೊಳೆದಳು. ಕಿಟ್ಟು ಕೈ ತೊಳೆಯಿತು, ಕಕ್ಕಕ್ಕೆ ಟಾಟಾ ಅಂದಿತು. ಬಾಲ ಒಣಗಿದೆಯಾ? ಒಣಗಿದೆ! ಕಿಟ್ಟು ಮರ ಹತ್ತಿತು, ಆಡಿತು, ಗೂಡಿಗೆ ಬಂತು. ಅಮ್ಮ ಬೆನ್ನು ಸವರಿದಳು. ಒಂದು, ಎರಡು, ಮೂರು. ಕಿಟ್ಟು ಮಲಗಿತು.”

ಇದನ್ನು ನಿಧಾನವಾಗಿ ಹೇಳಿದರೆ ಎರಡು ಮೂರು ನಿಮಿಷವಾಗುತ್ತದೆ. ರಾಮ ಬೆನ್ನು ಸವರಿದ್ದರಿಂದ ಅಳಿಲಿಗೆ ಮೂರು ಗೆರೆ ಬಂತೆಂಬ ಕಥೆ ಎಲ್ಲರ ಮನೆಯಲ್ಲೂ ಇರುವುದೇ. ಅದರಿಂದಲೇ ನನಗೆ ಬೆನ್ನು ಸವರುವ ಉಪಾಯ ಹೊಳೆಯಿತು. ಮಗುವನ್ನು ಬೋರಲು ಮಲಗಿಸಿ, ಗೆರೆ ಬಂದಾಗಲೆಲ್ಲ ಬೆರಳಿನಿಂದ ಬೆನ್ನ ಮೇಲೆ ಎಳೆಯುತ್ತೇನೆ. ಕೊನೆಯ ಮೂರು ಗೆರೆಗಳ ಹೊತ್ತಿಗೆ ದನಿ ಇಳಿದಿರಬೇಕು. ಅಲ್ಲಿಂದ ನಿದ್ದೆಗೆ ಸಾಗಿಸುವ ಒಂದು ಸಣ್ಣ ಜೋಗುಳವನ್ನು ನಾನೇ ಕಟ್ಟಿದ್ದೇನೆ. ಅದನ್ನು ನನ್ನ ಮನೆಗೆ ಮಾತ್ರ ಉಳಿಸಿಕೊಳ್ಳುತ್ತೇನೆ.

ಕಿಟ್ಟು ಹಣ್ಣು ತಿಂದ ಮೇಲೆಯೇ ಕೂರುವುದಕ್ಕೆ ಕಾರಣವಿದೆ. ಹೊಟ್ಟೆಗೆ ಆಹಾರ ಬಿದ್ದಾಗ ದೊಡ್ಡ ಕರುಳು ಚುರುಕಾಗುತ್ತದೆ, ಆದ್ದರಿಂದ ತಿಂಡಿಯಾದ ಹದಿನೈದರಿಂದ ಮೂವತ್ತು ನಿಮಿಷದೊಳಗೆ ಕೂರಿಸಿದರೆ ಫಲ ಸಿಗುವ ಸಾಧ್ಯತೆ ಹೆಚ್ಚು. ಐದು ನಿಮಿಷಕ್ಕಿಂತ ಹೆಚ್ಚು ಕೂರಿಸುವುದು ಬೇಡ. ಕಾಲು ಊರುವ ಸಾಲನ್ನೂ ಬಿಡಬಾರದು. ದೊಡ್ಡವರ ಕಮೋಡಿನ ಮೇಲೆ ಕಾಲು ತೂಗಾಡುತ್ತಿದ್ದರೆ ಮಗುವಿಗೆ ಮುಕ್ಕಲು ಕಷ್ಟವಾಗುತ್ತದೆ, ಕೆಳಗೆ ಒಂದು ಮಣೆ ಇಡಲೇಬೇಕು.

ಕಥೆಯನ್ನು ರಾತ್ರಿ ಹೇಳಿದರೂ ಅದರ ಪ್ರಯೋಜನ ಬೆಳಿಗ್ಗೆಯದು. “ಸುಸ್ಸು ಬಂತಾ?” ಎಂದರೆ ಈ ವಯಸ್ಸಿನಲ್ಲಿ ಬರುವ ಉತ್ತರ “ಇಲ್ಲ” ಎಂಬುದೊಂದೇ. ಅದರ ಬದಲು ನಾನು “ಕಿಟ್ಟು ಬಾಲ ಒಣಗಿದೆಯಾ?” ಎಂದು ಕೇಳುತ್ತಿದ್ದೆ. ಅವನು ಚಡ್ಡಿ ಮುಟ್ಟಿ ನೋಡಿ, “ಒಣಗಿದೆ” ಎಂದು ಹೇಳಿ, ಒಣಗಿರುವಾಗಲೇ ಪಾಟಿಯತ್ತ ನಡೆಯುತ್ತಿದ್ದ. ಹಗಲಿನಲ್ಲಿ ಕಥೆಯನ್ನು ಮತ್ತೆ ಹೇಳಲಿಲ್ಲ, ಈ ಒಂದೇ ಸಾಲನ್ನು ಬಳಸಿದೆ. ಅವನನ್ನು ಎಂದೂ ಕಿಟ್ಟು ಎಂದು ಕರೆಯಲೂ ಇಲ್ಲ. ಅಳಿಲಿಗೆ ಮಗುವಿನ ಹೆಸರಿಟ್ಟರೆ ಅದು ಕಥೆಯಲ್ಲ, ಉಪದೇಶ ಎಂಬುದು ಮಗುವಿಗೆ ಒಡನೆಯೇ ತಿಳಿಯುತ್ತದೆ.

ಒಂದು ತೊಡಕಿನ ಬಗ್ಗೆ ಎಚ್ಚರವಿರಬೇಕು. ಕಥೆ ಮುಗಿಯುತ್ತಲೇ “ಸುಸ್ಸು” ಎಂದು ಎದ್ದು ಕೂತು ನಿದ್ದೆಯನ್ನು ಮುಂದೂಡುವುದನ್ನು ಮಕ್ಕಳು ಬೇಗ ಕಲಿಯುತ್ತಾರೆ. ಇಲ್ಲ ಎನ್ನಲೂ ಆಗುವುದಿಲ್ಲ, ಏಕೆಂದರೆ ನಾವೇ ಕೇಳಿದ ಮಾತು ಅದು. ನಾನು ಪಾಟಿಯ ಸರದಿಯನ್ನು ಕಥೆಗಿಂತ ಮೊದಲಿಗೆ ತಂದೆ. ಕಥೆಯ ನಂತರ ಒಮ್ಮೆ ಮಾತ್ರ ಕರೆದೊಯ್ಯುತ್ತಿದ್ದೆ, ಅದೂ ದೀಪ ಹಾಕದೆ, ಮಾತನಾಡದೆ. ಕೆಲವೇ ರಾತ್ರಿಗಳಲ್ಲಿ ಆ ಓಡಾಟ ತಾನಾಗಿ ನಿಂತಿತು.

ಇನ್ನು ಖರ್ಚಿನ ಮಾತು. ಹಾಡು ಹೇಳುವ ಪಾಟಿಗೆ ಸುಮಾರು 1,500 ರೂಪಾಯಿ ಕೊಟ್ಟೆವು. ಅದರ ಸದ್ದಿಗೆ ಮಗು ಬೆಚ್ಚಿ ಏಳುತ್ತಿತ್ತು. ಕೊನೆಗೆ ಬಳಕೆಯಾದದ್ದು 250 ರೂಪಾಯಿಯ ಸಾದಾ ಪ್ಲಾಸ್ಟಿಕ್ ಪಾಟಿ. ಚಿತ್ರಕಲಾ ವಿದ್ಯಾರ್ಥಿನಿಯೊಬ್ಬರಿಂದ ಕಥೆಗೆ ಎಂಟು ಚಿತ್ರ ಬರೆಸಿ, ಅಂಗಡಿಯಲ್ಲಿ ಪುಸ್ತಕ ಮಾಡಿಸಿದ್ದಕ್ಕೆ ನಾಲ್ಕು ಸಾವಿರದ ಹತ್ತಿರ ಆಯಿತು. ಚಿತ್ರಗಳು ಚೆನ್ನಾಗಿದ್ದವು, ಆದರೆ ಅವನ್ನು ನೋಡಲು ದೀಪ ಬೇಕು, ದೀಪವಿದ್ದರೆ ನಿದ್ದೆ ಬರುವುದಿಲ್ಲ. ಮಗನಂತೂ ನೇರವಾಗಿ ಕಕ್ಕದ ಪುಟ ತೆರೆದು ನಗುತ್ತಿದ್ದ. ಆದ್ದರಿಂದ ಕತ್ತಲಲ್ಲಿ ಬಾಯಿಂದ ಹೇಳುವುದೇ ಮೇಲು ಎನ್ನುತ್ತೇನೆ. ಡೈಪರಿಗೆ ತಿಂಗಳಿಗೆ ಎರಡು ಸಾವಿರದಷ್ಟು ಹೋಗುತ್ತಿದ್ದುದು, ಹಗಲಿನದು ನಿಂತ ಮೇಲೆ ನಾನೂರಕ್ಕೆ ಇಳಿಯಿತು.

ಇದರ ನಡುವೆ ಬೇರೊಂದು ಪ್ರಯೋಗವನ್ನೂ ಮಾಡಿದ್ದೆ. ಕಕ್ಕ ಗೊಬ್ಬರವಾಗಿ ಸೀಬೆ ಮರ ಹಣ್ಣು ಬಿಟ್ಟಿತು ಎಂದು ಸೇರಿಸಿದಾಗ ಮಗ ಸೀಬೆಹಣ್ಣನ್ನೇ ದೂರ ತಳ್ಳಿದ. ಆ ಸಾಲು ತೆಗೆದು ಟಾಟಾ ಹೇಳಿಸಿದ ಮೇಲೆ, ಮಾಯವಾಗುವ ಹೆದರಿಕೆಯೂ ಹೋಯಿತು, ಹಣ್ಣೂ ಮರಳಿತು. ಫ್ಲಶ್ ಒತ್ತುವುದನ್ನು ಮಾತ್ರ ಅವನು ಕೋಣೆಯಿಂದ ಹೊರಗೆ ಹೋದ ಮೇಲೆ ಮಾಡುತ್ತಿದ್ದೆವು.

ಹಾಸನದ ಹತ್ತಿರದ ಹಳ್ಳಿಯಲ್ಲಿರುವ ನನ್ನ ತಂಗಿ ಈ ಕಥೆಯನ್ನೇ ತನ್ನ ಮಗಳಿಗೆ ಹೇಳಿದಳು. ಅವರ ಮನೆಯಲ್ಲಿರುವುದು ಕುಕ್ಕುರುಗಾಲಿನಲ್ಲಿ ಕೂರುವ ಶೌಚಾಲಯ, ಮತ್ತು ಮಗುವಿಗೆ ಅದರ ಗುಂಡಿಯ ಭಯವಿತ್ತು. ಅಲ್ಲಿ ಕಿಟ್ಟುವನ್ನು ಕರಟದ ಬದಲು ಎರಡು ಕಲ್ಲುಗಳ ಮೇಲೆ ಕೂರಿಸಿದೆವು. ತಂಗಿ ಹಿತ್ತಲಲ್ಲಿ ಎರಡು ಇಟ್ಟಿಗೆ ಇಟ್ಟು ಮೊದಲು ಅದರ ಮೇಲೆ ರೂಢಿ ಮಾಡಿಸಿ, ಆಮೇಲೆ ಒಳಗೆ ಕರೆದೊಯ್ದಳು. ಅವಳಿಗೆ ನನಗಿಂತ ಕಡಿಮೆ ಸಮಯ ಹಿಡಿಯಿತು.

ರಾತ್ರಿಯ ಡೈಪರಿಗೆ ಈ ಕಥೆಯನ್ನು ಬಳಸಬೇಡಿ. ನಿದ್ದೆಯಲ್ಲಿ ಒಣಗಿರುವುದು ಮೈ ಬಲಿತಾಗ ಬರುವ ಸಂಗತಿ, ಅದು ಕಥೆಗೂ ರೂಢಿಗೂ ಬಗ್ಗುವುದಿಲ್ಲ. ಕಿಟ್ಟುವಿನ ಗೂಡು ರಾತ್ರಿಯೆಲ್ಲ ಒಣಗಿತ್ತು ಎಂದು ಹೇಳಿದರೆ, ಬೆಳಿಗ್ಗೆ ಒದ್ದೆಯಾಗಿ ಏಳುವ ಮಗು ಸೋತಂತಾಗುತ್ತದೆ. ಅದಕ್ಕಾಗಿಯೇ ಕಥೆಯಲ್ಲಿ ಬಾಲವನ್ನು ಹಗಲಿನಲ್ಲಿ ಮಾತ್ರ ಮುಟ್ಟಿ ನೋಡುತ್ತಾರೆ, ಮತ್ತು ಕಿಟ್ಟು ಮಲಗಿದ ಮೇಲೆ ಒಂದು ಸಾಲೂ ಇಲ್ಲ.