ಮಾಸ್ಟರ್ ಸತ್ತಾಗಿನ ತ್ರಾಸಿಗಿಂತ ತಿರುಗಿ ಬಂದಾಗಿನದೇ ಹೆಚ್ಚು

ಹುಬ್ಬಳ್ಳಿ ವಿದ್ಯಾನಗರದ ಒಂದು ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಲ್ಯಾಬ್ ಮಹಡಿಯಲ್ಲಿ ಸಿಸ್ಕೋದ ಮೂರು 2960-X ಸ್ವಿಚ್‌ಗಳನ್ನು ಸ್ಟ್ಯಾಕ್ ಕೇಬಲ್‌ನಿಂದ ಉಂಗುರದ ಹಾಗೆ ಜೋಡಿಸಿದ್ದೆ. ಹೀಗೆ ಕೂಡಿಸಿದರೆ ಮೂರೂ ಸೇರಿ ಒಂದೇ ಸ್ವಿಚ್‌ನ ಹಾಗೆ ನಡೆಯುತ್ತವೆ, ಅವನ್ನು ನಡೆಸುವುದು ಮಾಸ್ಟರ್: ಮೂರಕ್ಕೂ ಒಂದೇ ಐಪಿ, ಒಂದೇ ಕಾನ್ಫಿಗರೇಶನ್. ಒಂದನೆಯದಕ್ಕೆ ಪ್ರಯಾರಿಟಿ 15 ಇಟ್ಟು ಮಾಸ್ಟರ್ ಮಾಡಿದ್ದೆ, ಎರಡನೆಯದಕ್ಕೆ 14. ಕಾಲೇಜಿನ ಮುಖ್ಯ ಸ್ವಿಚ್ ಆದ ಕೋರ್‌ಗೆ ಎರಡು ಅಪ್‌ಲಿಂಕ್, ಒಂದನೆಯ ಮತ್ತು ಮೂರನೆಯ ಸ್ವಿಚ್‌ನಿಂದ, ಎರಡೂ ಒಂದೇ ಲಿಂಕ್‌ನ ಹಾಗೆ ನಡೆಯಲೆಂದು ಎಲ್‌ಎಸಿಪಿಯಲ್ಲಿ ಕಟ್ಟಿದ್ದು.

ಒಂದು ಮುಂಜಾನೆ ಒಂದನೆಯದರ ಪವರ್ ಸಪ್ಲೈ ಸುಟ್ಟಿತು. ಅದರ ಪೋರ್ಟ್‌ಗಳು ಹೋದದ್ದು ಸರಿ, ಆದರೆ ಮೂರನೆಯ ಸ್ವಿಚ್‌ನ ಲ್ಯಾಬಿನವರದೂ ಫೋನ್ ಬಂತು: “ಸರ, ನಮ್ಮ ಸ್ವಿಚ್ ಚಾಲೂ ಐತಿ, ನೆಟ್ ಯಾಕ ಹೋಗಿ ಬಂತ್ರಿ?”

ಉತ್ತರ ಕೋರ್‌ನ ಲಾಗ್‌ನಲ್ಲಿತ್ತು. ಸ್ಟ್ಯಾಕ್ ಹೊರಗಿನವರಿಗೆ ತೋರಿಸುವುದು ಮಾಸ್ಟರ್‌ನ ಮ್ಯಾಕ್ ವಿಳಾಸವನ್ನು. ಎರಡನೆಯದು ಮಾಸ್ಟರ್ ಆದ ಕೂಡಲೇ ಆ ವಿಳಾಸ ಬದಲಾಯಿತು. ಕೋರ್ ಅದನ್ನು ಬೇರೆಯೇ ಯಂತ್ರ ಎಂದುಕೊಂಡು ಎರಡು ಅಪ್‌ಲಿಂಕ್ ಕೂಡಿದ ಆ ಪೋರ್ಟ್‌ಚಾನೆಲ್ ಬಿಚ್ಚಿ ಮತ್ತೆ ಕಟ್ಟಿತು. ವಿಳಾಸ ಬದಲಾಗದಿರಲಿ ಎಂದು ಅವತ್ತೇ ಈ ಸಾಲು ಹಾಕಿದೆ:

```
stack-mac persistent timer 0
```

ಎರಡು ವಾರಕ್ಕೆ ಸ್ವಿಚ್ ರಿಪೇರಿಯಾಗಿ ಬಂತು. ನಾನು ಮಾಡಿದ ಹುಚ್ಚು ಕೆಲಸ ಇದು: ಚಾಲೂ ಆಗುತ್ತದೋ ಇಲ್ಲವೋ ನೋಡೋಣ ಎಂದು ಮೊದಲು ಪವರ್ ಕೊಟ್ಟೆ, ಆಮೇಲೆ ಸ್ಟ್ಯಾಕ್ ಕೇಬಲ್ ಚುಚ್ಚಿದೆ. ಒಂಟಿಯಾಗಿ ಬೂಟ್ ಆದ ಸ್ವಿಚ್ ತಾನೇ ಮಾಸ್ಟರ್ ಆಗಿರುತ್ತದೆ. ಕೇಬಲ್ ಕೂಡಿದಾಗ ಎರಡು ಮಾಸ್ಟರ್‌ಗಳು ಎದುರಾದವು, ಅದರ ಫ್ಲ್ಯಾಶ್‌ನಲ್ಲಿ ಹಳೆಯ 15 ಹಾಗೇ ಕುಳಿತಿತ್ತು, ಅದೇ ಗೆದ್ದಿತು. ಸೋತ ಕಡೆಯ ಎರಡೂ ಸ್ವಿಚ್‌ಗಳು ನನ್ನ ಕಣ್ಣೆದುರೇ ರೀಲೋಡ್ ಆದವು. ಪ್ರಾಕ್ಟಿಕಲ್ ಪರೀಕ್ಷೆ ನಡೆದಿತ್ತು. ಬೈಗುಳ ಏನು ಹೇಳಲಿ!

ಎದ್ದು ಬಂದ ಮೇಲೆ ಇನ್ನೊಂದು ಗೋಳು. ಕಾನ್ಫಿಗರೇಶನ್ ಎಂದರೆ ಮಾಸ್ಟರ್‌ನದು, ಅದು ಎರಡು ವಾರ ಹಿಂದಿನದು. ನಡುವೆ ಪರೀಕ್ಷೆಗೆಂದು ಮಾಡಿದ ವಿಎಲ್‌ಎಎನ್ ಇಲ್ಲ, ಆ ಮ್ಯಾಕ್ ಸಾಲೂ ಇಲ್ಲ. ದಿನಾ ತೆಗೆದಿಡುವ ಬ್ಯಾಕಪ್‌ನಿಂದ ತಂದು ಹಾಕಿದೆ.

ಈಗ ತಿರುಗಿ ಬಂದ ಸ್ವಿಚ್‌ಗೆ ಪವರ್ ಕೊಡುವ ಮೊದಲೇ ಎರಡೂ ಸ್ಟ್ಯಾಕ್ ಕೇಬಲ್ ಹಾಕುತ್ತೇನೆ. ಹಾಗೆ ಬೂಟ್ ಆದರೆ ಪ್ರಯಾರಿಟಿ 15 ಇದ್ದರೂ ಅದು ಸದಸ್ಯನಾಗಿಯೇ ಸೇರುತ್ತದೆ. ಈಗಾಗಲೇ ಇರುವ ಮಾಸ್ಟರ್‌ನನ್ನು ಪ್ರಯಾರಿಟಿ ನೋಡಿ ಯಾರೂ ಇಳಿಸುವುದಿಲ್ಲ. ಅದೇ ಮತ್ತೆ ಮಾಸ್ಟರ್ ಆಗಬೇಕೆಂದರೆ ಸಂಜೆ, ಲ್ಯಾಬ್ ಖಾಲಿಯಾದ ಮೇಲೆ ಈಗಿನ ಮಾಸ್ಟರ್‌ನನ್ನು ನಾವೇ ರೀಲೋಡ್ ಮಾಡಿ ಕೊಡಬೇಕು. `show switch` ಹೊಡೆದು ಮೂರೂ `Ready` ಎನ್ನುವವರೆಗೆ ರ‍್ಯಾಕ್ ಬಿಟ್ಟು ಕದಲುವುದಿಲ್ಲ.

ಆ ಮ್ಯಾಕ್ ಸಾಲನ್ನು ಮತ್ತೆ ಹಾಕಿದ್ದೇನೆ. ಅದಕ್ಕೊಂದು ಕೊಕ್ಕೆಯಿದೆ: ಈಗ ಸ್ಟ್ಯಾಕ್ ಹೊತ್ತಿರುವುದು ಒಂದನೆಯದರ ವಿಳಾಸ. ನಾಳೆ ಅದನ್ನು ಕಳಚಿ ಇದೇ ಕ್ಯಾಂಪಸ್ಸಿನ ಇನ್ನೊಂದು ರ‍್ಯಾಕ್‌ಗೆ ಹಾಕಿದರೆ ಒಂದೇ ಮ್ಯಾಕ್ ಎರಡು ಕಡೆ ಕಾಣುತ್ತದೆ. ಅದಕ್ಕೇ ಆ ಸ್ವಿಚ್‌ನ ನೆತ್ತಿಗೆ ಬಿಳಿ ಟೇಪ್ ಅಂಟಿಸಿ ಮಾರ್ಕರ್‌ನಿಂದ ಬರೆದಿದ್ದೇನೆ: “ಇದನ್ನ ಬ್ಯಾರೆ ಕಡೆ ಹಚ್ಚಬ್ಯಾಡ್ರಿ.”