ಹಾಜರಿ ಆ್ಯಪ್‌ಗೆ ಪ್ರಸ್ತಾವನೆ: ಮೊದಲು ಮೆಸೇಜಿನ ಲೆಕ್ಕ ಹಾಕಿ

ಶಹಾಪುರದ ಒಂದು ಖಾಸಗಿ ಪ್ರೌಢಶಾಲೆ, 600 ಮಕ್ಕಳು ಎಂದಿಟ್ಟುಕೊಳ್ಳಿ. ಹಾಜರಿ ಆ್ಯಪ್ ಮಾಡಿಕೊಡುವ ಪ್ರಸ್ತಾವನೆಯನ್ನು ಪ್ರಿನ್ಸಿಪಾಲರಿಗೆ ಕೊಡಬೇಕಾಗಿದೆ. ಎರಡು ಪುಟ ಸಾಕು.

ಮೊದಲು ಕೆಲಸದ ವ್ಯಾಪ್ತಿ. ತರಗತಿ ಶಿಕ್ಷಕರು ಮೊಬೈಲಿನಲ್ಲಿ ಹಾಜರಿ ಹಾಕುತ್ತಾರೆ, ನೆಟ್‌ವರ್ಕ್ ಇಲ್ಲದಿದ್ದರೆ ಅದು ಫೋನಿನಲ್ಲೇ ಉಳಿದು ಆಮೇಲೆ ಹೋಗುತ್ತದೆ, ಗೈರಾದವರ ಮನೆಗೆ ಎಸ್‌ಎಂಎಸ್ ಮೆಸೇಜ್ ಹೋಗುತ್ತದೆ. ಇಷ್ಟೇ. ಒಂದೇ ತರಗತಿಯಲ್ಲಿ ಇಬ್ಬರು ಮಲ್ಲಿಕಾರ್ಜುನ ಇರುವುದು ನಮ್ಮ ಕಡೆ ಮಾಮೂಲು. ಆದ್ದರಿಂದ ಮಕ್ಕಳನ್ನು ಹೆಸರಿನಿಂದಲ್ಲ, ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರುವ ಸ್ಯಾಟ್ಸ್ ಸಂಖ್ಯೆಯಿಂದ ಗುರುತಿಸುವುದಾಗಿ ಬರೆಯಿರಿ. ‘ಇದರಾಗ ಫೀಸಿಂದೂ ಹಾಕಿಬಿಡ್ರಿ’ ಎನ್ನುವ ಮಾತು ಬಂದೇ ಬರುತ್ತದೆ. ಫೀಸು, ಅಂಕಪಟ್ಟಿ ಇದರಲ್ಲಿಲ್ಲ ಎಂದು ಮೊದಲೇ ಒಂದು ಸಾಲು ಹಾಕಿರಿ.

ಮೆಸೇಜ್ ಯಾರಿಗೆ ಎನ್ನುವುದರ ಮೇಲೆ ವರ್ಷದ ಖರ್ಚು ನಿಂತಿದೆ. ದಿನಕ್ಕೆ 50 ಮಕ್ಕಳು ಗೈರು, 220 ಶಾಲಾ ದಿನ ಎಂದರೆ 11,000 ಮೆಸೇಜ್. ಒಂದಕ್ಕೆ 20 ಪೈಸೆ ಹಿಡಿದರೆ 2,200 ರೂಪಾಯಿ. ಬಂದವರ ಮನೆಗೂ ಕಳಿಸಿದರೆ ಅದೇ 26,400 ಆಗುತ್ತದೆ. ಇದರ ಮೇಲೆ ಜಿಎಸ್‌ಟಿ.

ಕನ್ನಡದಲ್ಲಿ ಇನ್ನೊಂದು ಪೆಟ್ಟು ಕಾದಿದೆ. ಇಂಗ್ಲಿಷ್ ಮೆಸೇಜಿಗೆ 160 ಅಕ್ಷರ ಸಿಕ್ಕರೆ ಕನ್ನಡಕ್ಕೆ ಸಿಗುವುದು 70. ಅದರಲ್ಲೂ ಗುಣಿತ, ಒತ್ತು ಎಲ್ಲ ಬೇರೆ ಬೇರೆ ಎಣಿಕೆಯಾಗುತ್ತವೆ: ‘ನಿಮ್ಮ’ ಕಣ್ಣಿಗೆ ಎರಡಕ್ಷರ, ಲೆಕ್ಕಕ್ಕೆ ಐದು. ‘ನಿಮ್ಮ ಮಗು ಇಂದು ಶಾಲೆಗೆ ಬಂದಿಲ್ಲ.’ ಎಂಬಲ್ಲಿಗೇ 30 ಮುಗಿಯಿತು. ಮಗುವಿನ ಹೆಸರು, ಶಾಲೆಯ ಉದ್ದ ಹೆಸರು, ಫೋನ್ ನಂಬರ್ ಸೇರಿ 70 ದಾಟಿದರೆ ಎರಡು ಮೆಸೇಜಿನ ದುಡ್ಡು. ವಾಕ್ಯವನ್ನು ಎಣಿಸಿ, ಪ್ರಸ್ತಾವನೆಯಲ್ಲೇ ಬರೆದು ಒಪ್ಪಿಸಿಕೊಳ್ಳಿ.

ಆ ವಾಕ್ಯ ವೇಳಾಪಟ್ಟಿಗೂ ಬೇಕು. ಇಂಥ ಮೆಸೇಜ್ ಕಳಿಸುವ ಸಂಸ್ಥೆ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮದಂತೆ, ಮೊಬೈಲ್ ಕಂಪನಿಗಳು ನಡೆಸುವ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ನೋಂದಾಯಿಸಿ, ಕಳಿಸುವವರ ಹೆಸರಿಗೂ ವಾಕ್ಯದ ಮಾದರಿಗೂ ಒಪ್ಪಿಗೆ ಪಡೆಯಬೇಕು. ಒಪ್ಪಿಗೆಯಾದ ಮೇಲೆ ವಾಕ್ಯ ತಿದ್ದಿದರೆ ಮೆಸೇಜ್ ಹೋಗುವುದಿಲ್ಲ, ಮತ್ತೆ ಒಪ್ಪಿಗೆಗೆ ಹಾಕಬೇಕು. ಶಾಲೆಯ ಪ್ಯಾನ್, ಪತ್ರ ಬೇಕಾಗುವುದರಿಂದ ಇದನ್ನು ಮೊದಲ ವಾರದಲ್ಲೇ ಶುರುಮಾಡಿ. ಆ್ಯಪ್ ಕೆಲಸ ಏಪ್ರಿಲ್–ಮೇ ರಜೆಯಲ್ಲಿ ಮುಗಿಯಲಿ. ಜೂನ್ ಮೊದಲ ವಾರಗಳಲ್ಲಿ ದಾಖಲಾತಿ ನಡೆದೇ ಇರುತ್ತದೆ; ಜೂನ್ ಮಧ್ಯದಿಂದ ಎಂಟನೆಯ ತರಗತಿಯ ಒಂದು ವಿಭಾಗದಲ್ಲಿ ಎರಡು ವಾರ ಪ್ರಯೋಗ, ಜೊತೆಗೆ ಹಾಜರಿ ಪುಸ್ತಕವೂ ಇರಲಿ. ದಿನದ ಕೊನೆಗೆ ಎರಡನ್ನೂ ತಾಳೆ ನೋಡಿ. ಸಾಮಾನ್ಯವಾಗಿ ಸಿಕ್ಕಿಬೀಳುವ ತಪ್ಪು ಒಂದೇ: ಸುರಪುರದ ಬಸ್ಸು ತಡವಾಗಿ, ಮಗು ತರಗತಿಯಲ್ಲಿ ಕೂತ ಮೇಲೆ ಮನೆಗೆ ‘ಬಂದಿಲ್ಲ’ ಎಂದು ಮೆಸೇಜ್. ಅದಕ್ಕೇ ಶಿಕ್ಷಕರು ಎರಡನೇ ಪೀರಿಯಡ್ ಮುಗಿದ ಮೇಲೆ ಖಚಿತಪಡಿಸಿದರೆ ಮಾತ್ರ ಮೆಸೇಜ್ ಹೋಗುವಂತೆ ಮಾಡಿ.

ವೆಚ್ಚವನ್ನು ಎರಡು ಭಾಗ ಮಾಡಿ. ತಯಾರಿಕೆಗೆ ಉದಾಹರಣೆಗೆ 60,000 ಎಂದರೆ ಒಪ್ಪಂದಕ್ಕೆ 20,000, ಪ್ರಯೋಗ ಮುಗಿದಾಗ 20,000, ಇಡೀ ಶಾಲೆ ಒಂದು ತಿಂಗಳು ಬಳಸಿದ ಮೇಲೆ ಉಳಿದದ್ದು. ಸರ್ವರ್, ಮೆಸೇಜ್, ದುರಸ್ತಿ ಪ್ರತಿವರ್ಷದ್ದು; ಅವನ್ನು ಬೇರೆ ಪಟ್ಟಿಯಲ್ಲಿ, ಎರಡನೇ ವರ್ಷದ ಮೊತ್ತದೊಂದಿಗೆ ತೋರಿಸಿ. ಆಡಳಿತ ಮಂಡಳಿಯವರು ಮೊದಲು ನೋಡುವುದೇ ಆ ಪಟ್ಟಿ.